ಚದರ ಅಡಿಗೆ ಎಷ್ಟು? ಆಸ್ಪತ್ರೆಯ ಎಸಿ, ನೀರು, ಅಗ್ನಿಶಾಮಕದ ಮೊದಲ ಅಂದಾಜು

ಹುಬ್ಬಳ್ಳಿಯಲ್ಲಿ ಆಸ್ಪತ್ರೆ ಕಟ್ಟಲು ಹೊರಟ ವೈದ್ಯರು, ವಾಸ್ತುಶಿಲ್ಪಿಯ ಮೊದಲ ನಕ್ಷೆ ಕೈಗೆ ಬಂದ ಕೂಡಲೇ ನಮ್ಮನ್ನು ಕೇಳುವುದು ಒಂದೇ ಪ್ರಶ್ನೆ: "ಎಸಿ, ಪ್ಲಂಬಿಂಗ್, ಫೈರ್ ಎಲ್ಲ ಸೇರಿ ಚದರ ಅಡಿಗೆ ಎಷ್ಟು ಹಿಡಿಯೋಣ?" ಬ್ಯಾಂಕಿಗೆ ಯೋಜನಾ ವರದಿ ಕೊಡಬೇಕಿರುತ್ತದೆ, ಹಾಗಾಗಿ ಪ್ರಶ್ನೆ ನ್ಯಾಯವಾದದ್ದೇ. ಈ ಹಂತದಲ್ಲಿ ಪೈಪಿನ ಉದ್ದವಾಗಲಿ ಡಕ್ಟಿನ ದಾರಿಯಾಗಲಿ ಯಾರಿಗೂ ಗೊತ್ತಿಲ್ಲ. ಪರಿಮಾಣವೇ ಇಲ್ಲದಿರುವಾಗ ಲೋಕೋಪಯೋಗಿ ಇಲಾಖೆಯ ದರಪಟ್ಟಿಯೂ ಉಪಯೋಗಕ್ಕೆ ಬರುವುದಿಲ್ಲ. ನಮ್ಮ ಬಳಿ ಇರುವುದು ವಿಸ್ತೀರ್ಣ ಮಾತ್ರ. ಆದರೆ ಇಡೀ ಕಟ್ಟಡಕ್ಕೆ ಒಂದೇ ದರ ಹೇಳಿಬಿಡುವುದನ್ನು ನಾನು ಒಪ್ಪುವುದಿಲ್ಲ.

ಗೋಕುಲ ರಸ್ತೆಯ ಕಡೆ 60 ಹಾಸಿಗೆಗಳ ಆಸ್ಪತ್ರೆಯೊಂದನ್ನು ಕಲ್ಪಿಸಿಕೊಳ್ಳಿ. ನೆಲಮಹಡಿ ಮತ್ತು ಮೇಲೆ ಮೂರು, ಒಟ್ಟು 40,000 ಚದರ ಅಡಿ. ಮುಂದೆ ಬರುವ ದರಗಳು ಲೆಕ್ಕದ ರೀತಿಯನ್ನು ತೋರಿಸಲು ನಾನು ಹಿಡಿದವು, ನಿಮ್ಮ ಕಟ್ಟಡಕ್ಕೆ ಹಾಗೆಯೇ ಎತ್ತಿಕೊಳ್ಳಬಾರದು.

ಮೊದಲು ಎಸಿಯನ್ನು ನೋಡೋಣ, ಏಕೆಂದರೆ ಹೆಚ್ಚಿನ ತಪ್ಪು ಆಗುವುದು ಇಲ್ಲೇ. ನಮ್ಮ ಭಾಗದ ಹವಾಮಾನದಲ್ಲಿ ಸಾಮಾನ್ಯ ವಾರ್ಡು, ಕಾರಿಡಾರು, ಮೆಟ್ಟಿಲುಗಳಿಗೆ ಗಾಳಿಯಾಡುವ ವ್ಯವಸ್ಥೆ ಸಾಕೆಂದು ಮಾಲೀಕರು ನಿರ್ಧರಿಸಿದರೆ, 22,000 ಚದರ ಅಡಿಗೆ ಎಸಿಯೇ ಇರುವುದಿಲ್ಲ. ಫ್ಯಾನು, ಎಕ್ಸಾಸ್ಟ್ ಲೆಕ್ಕದಲ್ಲಿ ಅದಕ್ಕೆ 40 ರೂಪಾಯಿ ಹಿಡಿದರೆ 8.8 ಲಕ್ಷ. ತಪಾಸಣಾ ಕೊಠಡಿ, ಸ್ಕ್ಯಾನಿಂಗ್, ವಿಶೇಷ ಕೊಠಡಿಗಳ 14,000 ಚದರ ಅಡಿಗೆ 300 ರೂಪಾಯಿಯಂತೆ 42 ಲಕ್ಷ. ಎರಡು ಆಪರೇಷನ್ ಥಿಯೇಟರು ಮತ್ತು ಐಸಿಯು ಸೇರಿ 4,000 ಚದರ ಅಡಿ. ಅಲ್ಲಿ ಗಾಳಿಯ ಅತಿ ಸೂಕ್ಷ್ಮ ಕಣಗಳನ್ನೂ ತಡೆಯುವ ಹೆಪಾ ಫಿಲ್ಟರ್, ಪ್ರತ್ಯೇಕ ಏರ್ ಹ್ಯಾಂಡ್ಲಿಂಗ್ ಯೂನಿಟ್, ಒತ್ತಡದ ನಿಯಂತ್ರಣ ಎಲ್ಲವೂ ಬೇಕು. ಅದಕ್ಕೆ 1,100 ರೂಪಾಯಿಯಂತೆ 44 ಲಕ್ಷ. ಒಟ್ಟು 94.8 ಲಕ್ಷ. ಕಟ್ಟಡದ ಹತ್ತನೇ ಒಂದು ಭಾಗ ಎಸಿ ವೆಚ್ಚದ ಹೆಚ್ಚುಕಡಿಮೆ ಅರ್ಧವನ್ನು ತಿನ್ನುತ್ತಿದೆ. ಇಡೀ ಕಟ್ಟಡಕ್ಕೆ ಹಂಚಿದರೆ ಚದರ ಅಡಿಗೆ 237 ರೂಪಾಯಿ. ಈ 237 ಅನ್ನು ಹಿಡಿದುಕೊಂಡು ಮುಂದೆ ಇನ್ನೊಂದು ಥಿಯೇಟರ್ ಸೇರಿಸಿದರೆ ಖರ್ಚು ಎಷ್ಟು ಏರುತ್ತದೆ ಎಂದು ತಿಳಿಯುವುದಿಲ್ಲ. ಬೇರೆ ಬೇರೆಯಾಗಿ ಬರೆದಿದ್ದರೆ ಒಂದು ನೋಟಕ್ಕೇ ತಿಳಿಯುತ್ತದೆ.

ದರ ಎಲ್ಲಿಂದ ಬಂತು ಎಂಬುದೂ ಅಷ್ಟೇ ಮುಖ್ಯ. ಹಿಂದಿನ ಕಟ್ಟಡದ ಅಂತಿಮ ಬಿಲ್ಲನ್ನು ವಿಸ್ತೀರ್ಣದಿಂದ ಭಾಗಿಸಿ ನಾವು ದರ ತೆಗೆಯುತ್ತೇವೆ. ಆಗ ಪಾರ್ಕಿಂಗ್ ಬಿಟ್ಟು ಭಾಗಿಸಿ, ಈಗ ಪಾರ್ಕಿಂಗ್ ಸೇರಿಸಿದ ವಿಸ್ತೀರ್ಣಕ್ಕೆ ಗುಣಿಸಿದರೆ ಅಂದಾಜು ಸುಮ್ಮನೆ ಉಬ್ಬುತ್ತದೆ. ಬಿಲ್ಟ್‌ಅಪ್‌ನಿಂದ ತೆಗೆದ ದರವನ್ನು ಗೋಡೆಗಳ ಒಳಗಿನ ನೆಲವನ್ನಷ್ಟೇ ಎಣಿಸುವ ಕಾರ್ಪೆಟ್ ಏರಿಯಾಕ್ಕೆ ಹಾಕಿದರೆ ಕುಗ್ಗುತ್ತದೆ. ಎರಡರಲ್ಲೂ ಗುಣಾಕಾರ ಸರಿಯಾಗಿಯೇ ಕಾಣುವುದರಿಂದ ಪರಿಶೀಲಿಸುವವರಿಗೂ ಸಿಕ್ಕುವುದಿಲ್ಲ. ಯಾವ ವಿಸ್ತೀರ್ಣ ಎಂದು ದರದ ಪಕ್ಕದಲ್ಲೇ ಬರೆಯುವುದೊಂದೇ ಇದಕ್ಕೆ ಉಪಾಯ.

ಪ್ಲಂಬಿಂಗ್ ಮತ್ತು ಸ್ಯಾನಿಟರಿಗೆ 120 ರೂಪಾಯಿಯಂತೆ 48 ಲಕ್ಷ, ಅಗ್ನಿಶಾಮಕಕ್ಕೆ 90ರಂತೆ 36 ಲಕ್ಷ. ವಿಸ್ತೀರ್ಣದ ಮೇಲೆ ಬಂದದ್ದು ಒಟ್ಟು 178.8 ಲಕ್ಷ. ಅಗ್ನಿಶಾಮಕದ ಬಗ್ಗೆ ಒಂದು ಎಚ್ಚರಿಕೆ ಬೇಕು. ಮಹಡಿಗೆ 3.6 ಮೀಟರಿನಂತೆ ನಮ್ಮ ಕಟ್ಟಡದ ಎತ್ತರ 14.4 ಮೀಟರ್. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಮುಟ್ಟಿದರೆ ಅದು ಎತ್ತರದ ಕಟ್ಟಡ. "ಇನ್ನೊಂದು ಮಹಡಿ ಏರಿಸಿಬಿಡೋಣ" ಎಂದು ಮಾಲೀಕರು ಹೇಳಿದಾಗ 10,000 ಚದರ ಅಡಿಯನ್ನು 90ರಿಂದ ಗುಣಿಸಿ ಸೇರಿಸಿದರೆ ಸಾಲದು. ಪಂಪು, ಟ್ಯಾಂಕು, ಮೆಟ್ಟಿಲಿನ ಹೊಗೆ ತಡೆ ಎಲ್ಲವನ್ನೂ ಮತ್ತೆ ನೋಡಬೇಕು, ದರವೇ ಬದಲಾಗುತ್ತದೆ.

ಇನ್ನು ಕೆಲವು ವೆಚ್ಚಗಳು ಚದರ ಅಡಿಯ ಮಾತನ್ನು ಕೇಳುವುದೇ ಇಲ್ಲ. ಅವುಗಳಿಗೆ ಲಂಪ್‌ಸಮ್ ಮೊತ್ತ ಇಡಬೇಕು, ಆದರೆ ಆ ಮೊತ್ತದ ಹಿಂದೆ ಒಂದು ಲೆಕ್ಕ ಇರಲೇಬೇಕು. ನೀರನ್ನೇ ತೆಗೆದುಕೊಳ್ಳಿ. ನೂರು ಹಾಸಿಗೆ ಮೀರದ ಆಸ್ಪತ್ರೆಗೆ ಭಾರತೀಯ ಮಾನಕ ಹೇಳುವುದು ಹಾಸಿಗೆಗೆ ದಿನಕ್ಕೆ 340 ಲೀಟರ್. 60 ಹಾಸಿಗೆಗೆ 20,400 ಲೀಟರ್ ಆಯಿತು. ನಿವೇಶನಕ್ಕೆ ನಳದ ನೀರು ದಿನ ಬಿಟ್ಟು ದಿನ ಬರುವಂತಿದ್ದರೆ ಒಂದು ದಿನದ ಸಂಗ್ರಹ ನಂಬಿ ಕೂರುವಂತಿಲ್ಲ. ಮೂರು ದಿನಕ್ಕೆ ಹಿಡಿದರೆ 61,200 ಲೀಟರ್, ಬೆಂಕಿ ನಂದಿಸುವ ನೀರು ಇದರ ಮೇಲೆ. ಬೋರ್‌ವೆಲ್ ನೀರನ್ನೂ ಬೆರೆಸುವುದಾದರೆ ಸಾಫ್ಟ್‌ನರ್ ಬೇಕು. ಪಂಪು ಮತ್ತು ಶುದ್ಧೀಕರಣಕ್ಕೆ 9 ಲಕ್ಷ ಇಟ್ಟೆ. ಸಂಪಿನ ಕಾಂಕ್ರೀಟು ಇದರಲ್ಲಿಲ್ಲ, ಅದು ಸಿವಿಲ್ ಅಂದಾಜಿನದು. ಮೆಡಿಕಲ್ ಗ್ಯಾಸ್ ಪೈಪಿಂಗಿಗೆ 35 ಲಕ್ಷ, ತ್ಯಾಜ್ಯನೀರಿನ ಘಟಕಕ್ಕೆ 20, ರೋಗಿಯ ಮಂಚ ಹಿಡಿಸುವ ಲಿಫ್ಟ್ ಸೇರಿ ಎರಡು ಲಿಫ್ಟಿಗೆ 32. ಒಟ್ಟು 96 ಲಕ್ಷ.

ಎರಡೂ ಸೇರಿ 274.8 ಲಕ್ಷ. ವಿನ್ಯಾಸ ಬೆಳೆಯುವಾಗ ಏನೇನೋ ಸೇರಿಕೊಳ್ಳುತ್ತದೆ, ಅದಕ್ಕಾಗಿ ಶೇ. 10 ಇಟ್ಟರೆ 302 ಲಕ್ಷ, ಅಂದರೆ ಚದರ ಅಡಿಗೆ ಸುಮಾರು 755 ರೂಪಾಯಿ. ಈ ಶೇ. 10 ನಕ್ಷೆಯಲ್ಲಿ ಇನ್ನೂ ಬರೆಯದ ವಿವರಗಳಿಗೆ ಮಾತ್ರ. ಮಾಲೀಕರು ಥಿಯೇಟರ್ ಹೆಚ್ಚಿಸಿದರೆ ಅದನ್ನು ಇದರಿಂದ ತೆಗೆಯಬಾರದು.

ಕೊನೆಯ ಪುಟ ಸೇರಿಸದೆ ಬಿಟ್ಟವುಗಳ ಪಟ್ಟಿ. ನನ್ನ ಪ್ರಕಾರ ಇಡೀ ಅಂದಾಜಿನಲ್ಲಿ ಹೆಚ್ಚು ಹೊತ್ತು ಕೂತು ಬರೆಯಬೇಕಾದದ್ದು ಇದೇ ಪುಟ. "ಇತರೆ ಕೆಲಸಗಳನ್ನು ಹೊರತುಪಡಿಸಿ" ಎಂದು ಒಂದು ಸಾಲು ಗೀಚಿದರೆ ನಾಳೆಯ ಜಗಳಕ್ಕೆ ನಾವೇ ಬಾಗಿಲು ತೆರೆದಂತೆ. ಬಿಟ್ಟ ಪ್ರತಿಯೊಂದರ ಎದುರಿಗೂ ಅದು ಯಾರ ಲೆಕ್ಕದಲ್ಲಿದೆ ಎಂದು ಬರೆಯಬೇಕು. ಗೋಡೆ ಕೊರೆಯುವುದು, ಯಂತ್ರಗಳ ಪೀಠ, ಫಾಲ್ಸ್ ಸೀಲಿಂಗ್ ಸಿವಿಲ್‌ನವರದು. ಥಿಯೇಟರಿನ ಮಾಡ್ಯುಲರ್ ಗೋಡೆಗಳು ಒಳಾಂಗಣದವರದೋ ನಮ್ಮದೋ ಎಂದು ಆಗಲೇ ಕೇಳಿ ಬರೆಯಬೇಕು. ಅದನ್ನು ಇಬ್ಬರೂ ಇನ್ನೊಬ್ಬರದೆಂದು ಬಿಟ್ಟರೆ ಬ್ಯಾಂಕಿನ ಸಾಲದಲ್ಲಿ ಅಷ್ಟು ಹಣವೇ ಇರುವುದಿಲ್ಲ. ಟ್ರಾನ್ಸ್‌ಫಾರ್ಮರ್, ಜನರೇಟರ್, ಹೆಸ್ಕಾಂಗೆ ಕಟ್ಟುವ ಠೇವಣಿ ವಿದ್ಯುತ್ ವಿಭಾಗದ್ದು. ಆದರೆ ಬಿಟ್ಟೆವೆಂದು ಸುಮ್ಮನಿರಬಾರದು. 150 ಚದರ ಅಡಿಗೆ ಒಂದು ಟನ್ ಎಸಿ ಎಂದರೂ ತಪಾಸಣಾ, ವಿಶೇಷ ಕೊಠಡಿಗಳ ಆ 14,000 ಚದರ ಅಡಿಗೇ 93 ಟನ್, ಪೂರ್ತಿ ಓಡಿದಾಗ ಸುಮಾರು 110 ಕಿಲೋವ್ಯಾಟ್. ಥಿಯೇಟರುಗಳದು ಬೇರೆ. ಈ ಸಂಖ್ಯೆ ವಿದ್ಯುತ್ ಎಂಜಿನಿಯರಿಗೆ ಅದೇ ದಿನ ತಲುಪಬೇಕು.

ಜಿಎಸ್‌ಟಿಯನ್ನು ಪ್ರತ್ಯೇಕವಾಗಿ ತೋರಿಸಿ. ಆಸ್ಪತ್ರೆಯ ಚಿಕಿತ್ಸಾ ಸೇವೆಗೆ ಬಹುಮಟ್ಟಿಗೆ ತೆರಿಗೆ ವಿನಾಯಿತಿ ಇರುವುದರಿಂದ ಕಟ್ಟಿದ ತೆರಿಗೆಯನ್ನು ಮಾಲೀಕರು ಹಿಂದಕ್ಕೆ ಹೊಂದಿಸಿಕೊಳ್ಳಲಾಗುವುದಿಲ್ಲ. ಶೇ. 18ರಂತೆ 54 ಲಕ್ಷ, ಅವರಿಗೆ ಅದು ನಿಜವಾದ ಖರ್ಚು. "ತೆರಿಗೆ ಪ್ರತ್ಯೇಕ" ಎಂದಷ್ಟೇ ಬರೆದರೆ 3.02 ಕೋಟಿಯನ್ನೇ ವೈದ್ಯರು ಬ್ಯಾಂಕಿಗೆ ಹೇಳಿಬರುತ್ತಾರೆ, ಬೇಕಾಗುವುದು 3.56 ಕೋಟಿ.

ಇಷ್ಟಾದ ಮೇಲೂ ನಾನು ಕೊಡುವುದು ಒಂದೇ ಸಂಖ್ಯೆಯಲ್ಲ. ತೆರಿಗೆ ಬಿಟ್ಟು 2.5ರಿಂದ 3.6 ಕೋಟಿ, ನಮ್ಮ ಲೆಕ್ಕ 3.02 ಎಂದು ಬರೆಯುತ್ತೇನೆ. ಜೊತೆಗೆ ದರಗಳು ಯಾವ ತಿಂಗಳಿನವು, ಲೆಕ್ಕ ಯಾವ ನಕ್ಷೆಯ ಯಾವ ಆವೃತ್ತಿಯ ಮೇಲೆ ಆಗಿದೆ ಎಂಬುದನ್ನೂ ಮೊದಲ ಪುಟದಲ್ಲೇ ಹಾಕುತ್ತೇನೆ. ತಾಮ್ರದ ಬೆಲೆ ಏರಿದರೆ ಮೆಡಿಕಲ್ ಗ್ಯಾಸ್ ಮತ್ತು ಎಸಿ ಪೈಪು ಎರಡೂ ಏರುತ್ತವೆ. ಟೆಂಡರ್ ತಡವಾದರೆ ಆ ಎರಡು ಸಾಲುಗಳನ್ನು ಮೊದಲು ತೆರೆದು ನೋಡಬೇಕು.