ತೂಕ ದಿನಾ ನೋಡಬೇಕಾ, ವಾರಕ್ಕೊಮ್ಮೆ ಸಾಕಾ, ತಿಂಗಳಿಗೊಮ್ಮೆಯಾ?

ತೂಕ ಇಳಿಸಲು ಬರುವವರು ಮೊದಲ ದಿನವೇ ಕೇಳುವ ಪ್ರಶ್ನೆ ಇದು. ಉತ್ತರ ಹೇಳುವ ಮೊದಲು ನಾನೂ ಒಂದು ಪ್ರಶ್ನೆ ಕೇಳುತ್ತೇನೆ. ಮಷಿನ್ ಮೇಲಿಂದ ಇಳಿದ ಮೇಲಿನ ಹತ್ತು ನಿಮಿಷದಲ್ಲಿ ನೀವು ಏನು ಮಾಡುತ್ತೀರಿ? ಸುಮ್ನೆ ಬರೆದಿಟ್ಟು ಸ್ನಾನಕ್ಕೆ ಹೋಗುತ್ತೀರಾ? ಬೆಳಗಿನ ತಿಂಡಿ ಬಿಡುತ್ತೀರಾ? ಅಥವಾ ಇಡೀ ದಿನ ಅದೇ ಅಂಕಿ ತಲೆಯಲ್ಲಿ ಕೊರೆಯುತ್ತಾ ಇರುತ್ತದಾ? ಎಷ್ಟು ದಿನಕ್ಕೊಮ್ಮೆ ನೋಡಬೇಕು ಎನ್ನುವುದನ್ನು ನಾನು ಇದರ ಮೇಲೆಯೇ ಹೇಳುವುದು.

ಯಾಕೆಂದರೆ ಮಷಿನ್ ತೋರಿಸುವುದು ಕೊಬ್ಬನ್ನಲ್ಲ, ಆ ಕ್ಷಣಕ್ಕೆ ನಿಮ್ಮ ಮೈಯಲ್ಲಿರುವ ಎಲ್ಲವನ್ನೂ. ವಾರಕ್ಕೆ ಅರ್ಧ ಕಿಲೋ ಇಳಿಯುತ್ತಿದೆ ಎಂದರೆ ಒಳ್ಳೆಯ ವೇಗವೇ. ಆದರೆ ದಿನಕ್ಕೆ ಲೆಕ್ಕ ಹಾಕಿದರೆ ಅದು ಬರೀ 70 ಗ್ರಾಂ. ಮಷಿನ್ ಹತ್ತುವ ಮೊದಲು 250 ಮಿಲಿ ಲೀಟರಿನ ಒಂದು ಲೋಟ ನೀರು ಕುಡಿದರೆ 250 ಗ್ರಾಂ ಸೇರಿತು, ಮೂರು ದಿನದ ಇಳಿಕೆ ಅದರ ಅಡಿಯಲ್ಲೇ ಮುಚ್ಚಿಹೋಯಿತು. ಹಿಂದಿನ ರಾತ್ರಿ ಉಪ್ಪು ಜಾಸ್ತಿ ತಿಂದಿದ್ದರೆ ದೇಹ ನೀರು ಹಿಡಿದಿಟ್ಟುಕೊಳ್ಳುತ್ತದೆ. ಹೊಟ್ಟೆ ಸರಿಯಾಗಿ ಖಾಲಿಯಾಗದಿದ್ದರೆ ಅದೂ ತೂಕವೇ. ಹಲವು ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಒಂದು ಕಿಲೋ, ಕೆಲವರಿಗೆ ಇನ್ನೂ ಜಾಸ್ತಿ, ಏರಿ ಆಮೇಲೆ ತಾನಾಗಿ ಇಳಿಯುತ್ತದೆ. ಹೊಸದಾಗಿ ಜೋರು ವ್ಯಾಯಾಮ ಶುರು ಮಾಡಿದವರಿಗೆ ಮಾಂಸಖಂಡಗಳಲ್ಲಿ ನೀರು ಸೇರಿ ಮೊದಲ ಕೆಲವು ದಿನ ತೂಕ ಏರುವುದೂ ಉಂಟು. ಇವೆಲ್ಲ ಸೇರಿ, ಏನೂ ತಪ್ಪು ಮಾಡದಿದ್ದರೂ ಒಂದು ದಿನದಿಂದ ಇನ್ನೊಂದು ದಿನಕ್ಕೆ ಒಂದು ಕಿಲೋ ಹೆಚ್ಚುಕಮ್ಮಿ ಆಗಬಹುದು.

ನನ್ನ ಹತ್ತಿರ ಬರುವ ಒಬ್ಬ ಮಹಿಳೆಯ ಎರಡು ವಾರದ ಪಟ್ಟಿ ನೋಡಿ. ಮೊದಲ ವಾರ, ಸೋಮವಾರದಿಂದ: 72.4, 72.9, 72.1, 72.6, 71.8, 72.3, 72.0. ಎರಡನೇ ವಾರ: 71.9, 72.5, 72.2, 71.6, 71.7, 71.4, 71.6. ಮೊದಲ ವಾರದ ಸರಾಸರಿ 72.3, ಎರಡನೆಯದು 71.8. ಅಂದರೆ ಸುಮಾರು ಅರ್ಧ ಕಿಲೋ ಇಳಿದಿದೆ. ಊಟ, ನಡಿಗೆ ಎಲ್ಲ ಅಂದುಕೊಂಡ ಹಾಗೇ ನಡೆಯುತ್ತಿದೆ.

ಈಗ ಇವರು ವಾರಕ್ಕೊಮ್ಮೆ, ಬುಧವಾರ ಮಾತ್ರ ನೋಡಿದ್ದರೆ? 72.1 ಇದ್ದದ್ದು 72.2 ಆಗಿದೆ. ವಾರವಿಡೀ ಕಷ್ಟಪಟ್ಟು 100 ಗ್ರಾಂ ಏರಿಕೆ! ಇದೇ ಹಂತದಲ್ಲಿ ಎಷ್ಟೋ ಜನ ಕೈಬಿಡುತ್ತಾರೆ. ಅದೇ ಶನಿವಾರ ನೋಡಿದ್ದರೆ 72.3ರಿಂದ 71.4ಕ್ಕೆ, 900 ಗ್ರಾಂ ಇಳಿಕೆ. ಆ ಖುಷಿಯೂ ಅಪಾಯವೇ, ಏಕೆಂದರೆ ಮುಂದಿನ ವಾರವೂ ಅಷ್ಟೇ ಇಳಿಯಬೇಕು ಅಂತ ಮನಸ್ಸು ಕಾಯುತ್ತದೆ.

ಹಾಗಾಗಿ ಅಂಕಿಯನ್ನು ಅಂಕಿಯಾಗಿ ನೋಡಬಲ್ಲವರಿಗೆ ದಿನಾ ನೋಡುವುದೇ ಒಳ್ಳೆಯದು ಎನ್ನುತ್ತೇನೆ. ಬೆಳಗ್ಗೆ ಎದ್ದು, ಶೌಚಕ್ಕೆ ಹೋಗಿ ಬಂದು, ಏನೂ ತಿನ್ನದೆ ಕುಡಿಯದೆ, ಒಂದೇ ರೀತಿಯ ಬಟ್ಟೆಯಲ್ಲಿ, ಗಟ್ಟಿ ನೆಲದ ಮೇಲಿಟ್ಟ ಮಷಿನ್ ಹತ್ತಬೇಕು. ಚಾಪೆ ಅಥವಾ ಕಾರ್ಪೆಟ್ ಮೇಲೆ ಇಟ್ಟರೆ ಲೆಕ್ಕ ತಪ್ಪುತ್ತದೆ. ಬರೆದಿಟ್ಟು ಮರೆತುಬಿಡಿ. ವಾರದ ಕೊನೆಗೆ ಕೂಡಿ ಏಳರಿಂದ ಭಾಗಿಸಿ. ಹೋಲಿಸಬೇಕಾದದ್ದು ಸರಾಸರಿಯನ್ನು ಸರಾಸರಿ ಜೊತೆ ಮಾತ್ರ, ನಿನ್ನೆಯನ್ನು ಇವತ್ತಿನ ಜೊತೆ ಅಲ್ಲ. ಊಟದ ಕ್ರಮ ಬದಲಾಯಿಸುವ ನಿರ್ಧಾರವನ್ನೂ ಮೂರು ವಾರದ ಸರಾಸರಿ ನೋಡಿದ ಮೇಲೆಯೇ ಮಾಡಿ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಊಟ ಕಡಿಮೆ ಮಾಡಿದ ಮೊದಲ ವಾರ ಒಂದೆರಡು ಕಿಲೋ ಇಳಿದರೆ ಅದರಲ್ಲಿ ಹೆಚ್ಚಿನದು ನೀರು. ದೇಹ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಆ ಸಕ್ಕರೆ ಖರ್ಚಾದಾಗ ನೀರೂ ಹೊರಟುಹೋಗುತ್ತದೆ. ಮೂರನೇ ವಾರ ವೇಗ ತಗ್ಗಿದರೆ ಅದು ನಿಮ್ಮ ಸೋಲಲ್ಲ.

ವಾರಕ್ಕೊಮ್ಮೆ ನೋಡುವುದು ಮಧ್ಯದ ದಾರಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಹಾಗೆ ಅನ್ನಿಸಿಲ್ಲ. ಸಮಾಧಾನದ ಸ್ವಭಾವದವರಿಗೆ, ಲೆಕ್ಕ ಬರೆಯಲು ಬೇಜಾರು ಇರುವವರಿಗೆ ಸರಿ. ಆದರೆ ಸ್ವಲ್ಪ ಆತಂಕ ಪಡುವವರಿಗೆ ಆ ಒಂದು ದಿನ ಪರೀಕ್ಷೆಯಾಗಿಬಿಡುತ್ತದೆ. ಹಿಂದಿನ ರಾತ್ರಿ ಊಟ ಬಿಡುತ್ತಾರೆ, ನೀರು ಕಡಿಮೆ ಕುಡಿಯುತ್ತಾರೆ, ಮಷಿನ್‌ನಿಂದ ಇಳಿದ ಮೇಲೆ ಮಧ್ಯಾಹ್ನದಿಂದಲೇ ಜಾಸ್ತಿ ತಿನ್ನುತ್ತಾರೆ. ಗುರುತು ಹಿಡಿಯುವುದು ಸುಲಭ. ತೂಕದ ಹಿಂದಿನ ದಿನದ ಊಟ ಉಳಿದ ದಿನಗಳಿಗಿಂತ ಬೇರೆ ಇದೆಯಾ ಅಂತ ನೋಡಿಕೊಳ್ಳಿ. ಇದ್ದರೆ ಆ ಅಂಕಿ ವಾರದ್ದಲ್ಲ, ಒಂದು ರಾತ್ರಿಯದ್ದು. ಇಂಥ ಕೆಲವರನ್ನು ನಾನು ದಿನಾ ನೋಡುವ ಕ್ರಮಕ್ಕೆ ತಂದಿದ್ದೇನೆ. ಏರಿಳಿತ ಕಣ್ಣೆದುರೇ ಕಂಡು ಕಂಡು, ಒಂದು ಅಂಕಿಗೆ ಅಷ್ಟು ಬೆಲೆ ಕೊಡುವುದನ್ನು ಹಲವರು ಬಿಟ್ಟಿದ್ದಾರೆ. ಎಲ್ಲರಿಗೂ ಹೀಗಾಗುವುದಿಲ್ಲ. ಎರಡು ವಾರ ಕಳೆದರೂ ಬೆಳಗಿನ ಅಂಕಿ ನೋಡಿ ತಿಂಡಿ ಬಿಡುವುದು, ಮತ್ತೆ ಮತ್ತೆ ಮಷಿನ್ ಹತ್ತುವುದು, ಯಾರ ಜೊತೆಗೂ ಊಟಕ್ಕೆ ಕೂರಲು ಮನಸ್ಸಾಗದಿರುವುದು ಕಂಡರೆ ಅಲ್ಲಿಗೇ ನಿಲ್ಲಿಸಿ.

ಅವರಿಗೆ ತಿಂಗಳ ಲೆಕ್ಕ ಉತ್ತಮ. ಗುರಿ ಮುಟ್ಟಿ, ಅದೇ ತೂಕದಲ್ಲಿ ಉಳಿಯಬೇಕು ಎನ್ನುವವರಿಗೂ ಅದೇ ಸಾಕು. ಆದರೆ ತಿಂಗಳಿಗೆ ಒಂದೇ ಸಲ ನೋಡಬೇಡಿ. ಆ ಒಂದು ದಿನ ಉಪ್ಪಿನ ದಿನವಾಗಿದ್ದರೆ ಇಡೀ ತಿಂಗಳ ಲೆಕ್ಕ ಕೆಡುತ್ತದೆ. ಸತತ ಮೂರು ಬೆಳಗ್ಗೆ ನೋಡಿ, ಎಲ್ಲಕ್ಕಿಂತ ಹೆಚ್ಚಿನದು ಮತ್ತು ಕಡಿಮೆಯದು ಬಿಟ್ಟು ಮಧ್ಯದ ಅಂಕಿಯನ್ನು ಇಟ್ಟುಕೊಳ್ಳಿ. 68.9, 70.1, 69.2 ಬಂದರೆ 69.2 ಬರೆಯಿರಿ. ಮುಟ್ಟಾಗುವವರು ತಾರೀಖು ಬಿಟ್ಟು, ಮುಟ್ಟು ನಿಂತ ಮೇಲಿನ ಮೂರು ದಿನ ಇಟ್ಟುಕೊಂಡರೆ ಹೋಲಿಕೆ ಸರಿಯಾಗುತ್ತದೆ. ತಿಂಗಳ ಲೆಕ್ಕದ ತೊಂದರೆ ಒಂದೇ, ಏರಿಕೆ ತಡವಾಗಿ ತಿಳಿಯುತ್ತದೆ. ಅದಕ್ಕೆ ನಡುವೆ ಸೊಂಟದ ಸುತ್ತಳತೆ ಅಥವಾ ಒಂದು ಹಳೆಯ ಪ್ಯಾಂಟ್ ನೋಡಿಕೊಂಡರೆ ಆಯಿತು.

ಸ್ವಭಾವದ ಮೇಲೆ ಬಿಡಲಾಗದವರೂ ಇದ್ದಾರೆ. ಊಟದ ವಿಷಯದಲ್ಲಿ ಹಿಂದೆ ಕಾಯಿಲೆಯ ಮಟ್ಟಿಗೆ ತೊಂದರೆ ಅನುಭವಿಸಿದವರು, ಹಸಿದಿರುವುದು, ವಾಂತಿ ಮಾಡಿಕೊಳ್ಳುವುದು ಇದ್ದವರು, ಮನೆಯಲ್ಲಿ ಮಷಿನ್ ಇಟ್ಟುಕೊಳ್ಳದಿರುವುದೇ ಮೇಲು. ತೂಕ ಬೇಕೇಬೇಕು ಎಂದಾದರೆ ಅಂಕಿ ಕಾಣದ ಹಾಗೆ ಬೆನ್ನು ತಿರುಗಿಸಿ ನಿಲ್ಲಿಸಿ ಕ್ಲಿನಿಕ್‌ನಲ್ಲೇ ನೋಡುತ್ತಾರೆ. ಹೃದಯ ವೈಫಲ್ಯ ಇರುವವರದ್ದು ಇದಕ್ಕೆ ತದ್ವಿರುದ್ಧ. ಬೇಜಾರಾದರೂ ಅವರು ದಿನಾ ನೋಡಲೇಬೇಕು. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ದೇಹದಲ್ಲಿ ನೀರು ತುಂಬುತ್ತಿದೆ. ಸರಾಸರಿಗೆ ಕಾಯದೆ ಅವತ್ತೇ ವೈದ್ಯರಿಗೆ ಫೋನ್ ಮಾಡಬೇಕು.