ತೊಗರಿಬೇಳೆ ಯಾವಾಗ ತರಿಸಬೇಕು: ರೀಆರ್ಡರ್ ಪಾಯಿಂಟ್ ಲೆಕ್ಕದ ಟಿಪ್ಪಣಿ

ಕಿರಾಣಿ ಅಂಗಡಿಯ ಒಂದೇ ಸಾಮಾನು ತೆಗೆದುಕೊಳ್ಳೋಣ: 1 ಕೆ.ಜಿ. ತೊಗರಿಬೇಳೆ ಪ್ಯಾಕೆಟ್. ದಿನಕ್ಕೆ ಸರಾಸರಿ 6 ಹೋಗುತ್ತವೆ, ಆರ್ಡರ್ ಹೇಳಿದ ಮೇಲೆ ಸರಕು ಬರಲು 4 ದಿನ. ಅಷ್ಟು ದಿನಕ್ಕೆ 24 ಬೇಕು. ಆ ನಾಲ್ಕು ದಿನ ಗಿರಾಕಿ ಜಾಸ್ತಿ ಬಂದರೆ ಎಂದು ಇಡುವುದು ಸೇಫ್ಟಿ ಸ್ಟಾಕ್. ಎರಡನ್ನೂ ಕೂಡಿಸಿದರೆ ರೀಆರ್ಡರ್ ಪಾಯಿಂಟ್, ಅಂದರೆ ಸ್ಟಾಕ್ ಅಷ್ಟಕ್ಕೆ ಇಳಿದಾಗ ಆರ್ಡರ್ ಹೇಳಬೇಕು.

ಶೀಟಿನಲ್ಲಿ A ಕಾಲಮ್‌ನಲ್ಲಿ ತಾರೀಖು, B ಯಲ್ಲಿ ಆ ದಿನದ ಮಾರಾಟ, C ಯಲ್ಲಿ ರಾತ್ರಿ ಉಳಿದ ಸ್ಟಾಕ್. 60 ದಿನದ್ದು ಸಾಕು. ಬೇಳೆ ಇದ್ದೂ ಯಾರೂ ಕೊಳ್ಳದ ದಿನಕ್ಕೆ 0 ಬರೆಯಲೇಬೇಕು. ಬೇಳೆ ಖಾಲಿಯಾಗಿದ್ದ ದಿನವನ್ನು ಲೆಕ್ಕದಿಂದ ಬಿಡಬೇಕು, ಏಕೆಂದರೆ ಅಲ್ಲಿ ಕಾಣುವುದು ಗಿರಾಕಿ ಕೇಳಿದ್ದಲ್ಲ, ನಮ್ಮಲ್ಲಿ ಇದ್ದದ್ದು ಮಾತ್ರ. D ಕಾಲಮ್ ಈ ಕೆಲಸಕ್ಕೆ, D2 ನ್ನು D61 ರವರೆಗೆ ಎಳೆಯಿರಿ:

```
D2:  =IF(C2=0,"",B2)
F1:  =AVERAGE(D2:D61)
F2:  =STDEV.S(D2:D61)
```

ಖಾಲಿಯಾದ ದಿನ ಬೇಡಿಕೆ ಹೆಚ್ಚೇ ಇದ್ದಿರಬಹುದು, ಹಾಗಾಗಿ ಬಿಟ್ಟ ದಿನಗಳು ಹೆಚ್ಚಾದಷ್ಟೂ ಸರಾಸರಿ ನಿಜಕ್ಕಿಂತ ಕಡಿಮೆ ಬರುತ್ತದೆ. ಮದುವೆ ಮನೆಯವರು ಒಮ್ಮೆಲೇ 40 ಒಯ್ದಿದ್ದರೆ ಆ ಬಿಲ್ಲನ್ನೂ ತೆಗೆಯಿರಿ. ಅದೊಂದೇ ಬಿಲ್ ದಿನದ ಮಾರಾಟದ ಏರಿಳಿತ ಅಳೆಯುವ F2 ವನ್ನು 2.5 ರಿಂದ 5.7 ರ ಹತ್ತಿರಕ್ಕೆ ಎಳೆಯುತ್ತದೆ, ಸೇಫ್ಟಿ ಸ್ಟಾಕ್ ಎರಡು ಪಟ್ಟು ದಾಟುತ್ತದೆ.

ಈಗ ಎಲ್ಲರೂ ಎಡವುವ ಜಾಗ. F2 ದಲ್ಲಿ 2.5 ಬಂತು ಎನ್ನಿ. ಇದು ಒಂದು ದಿನದ ಏರಿಳಿತ. ನಾಲ್ಕು ದಿನಕ್ಕೆ ಎಷ್ಟು? ಸರಾಸರಿಯನ್ನು 4 ರಿಂದ ಗುಣಿಸಿದ ಕೈ ಇದನ್ನೂ ಗುಣಿಸಿ 10 ಎಂದು ಬರೆದುಬಿಡುತ್ತದೆ. ಅದು ತಪ್ಪು. ನಾಲ್ಕೂ ದಿನ ಒಟ್ಟಿಗೆ ಜೋರಾಗಿ ಹೋಗುವುದು ಅಪರೂಪ. ಒಂದು ದಿನ 9 ಹೋದರೆ ಇನ್ನೊಂದು ದಿನ 4 ಹೋಗಿ, ಹೆಚ್ಚು ಕಡಿಮೆ ತಮ್ಮತಮ್ಮಲ್ಲೇ ಸರಿದೂಗುತ್ತವೆ. ಕೂಡಿಸಬೇಕಾದದ್ದು ವೇರಿಯನ್ಸ್, ಅಂದರೆ 2.5 ರ ವರ್ಗ 6.25. ನಾಲ್ಕು ದಿನಕ್ಕೆ 25. ಅದರ ವರ್ಗಮೂಲ 5. ಆದ್ದರಿಂದ ಗುಣಿಸುವುದು 4 ರಿಂದಲ್ಲ, 4 ರ ವರ್ಗಮೂಲವಾದ 2 ರಿಂದ.

```
=ROUNDUP(NORM.S.INV(0.95)*F2*SQRT(4),0)
```

NORM.S.INV(0.95) ಕೊಡುವ ಅಂಕಿ 1.645. 1.645 × 5 = 8.2, ಅಂದರೆ 9 ಪ್ಯಾಕೆಟ್. ರೀಆರ್ಡರ್ ಪಾಯಿಂಟ್ 24 + 9 = 33. ತಪ್ಪು ದಾರಿಯಲ್ಲಿ ಸೇಫ್ಟಿ ಸ್ಟಾಕೇ 17 ಆಗುತ್ತಿತ್ತು. ಇಲ್ಲಿನ 0.95 ನೂರರಲ್ಲಿ 95 ದಿನ ಎಂದಲ್ಲ. ನೂರು ಸಲ ತರಿಸಿದರೆ 95 ಸಲ ಹೊಸ ಸರಕು ಬರುವವರೆಗೆ ಹಳೆಯದು ಸಾಲುತ್ತದೆ ಎಂದು.

ಆದರೆ ವರ್ಗಮೂಲದ ಈ ಲೆಕ್ಕ ಒಂದು ದಿನದ ಮಾರಾಟಕ್ಕೂ ಮರುದಿನದ್ದಕ್ಕೂ ಸಂಬಂಧವಿಲ್ಲ ಎಂದು ನಂಬಿ ನಿಂತಿದೆ. ಕಿರಾಣಿಯಲ್ಲಿ ಅದು ಯಾವಾಗಲೂ ನಿಜವಲ್ಲ. ಸಂಬಳವಾದ ಮೊದಲ ವಾರ ಜನ ತಿಂಗಳ ಸಾಮಾನು ಒಯ್ಯುತ್ತಾರೆ, ಜೋರಿನ ದಿನಗಳು ಸಾಲಾಗಿ ಬರುತ್ತವೆ, ಸರಿದೂಗುವುದಿಲ್ಲ. ಹಾಗಾಗಿ ನಾಲ್ಕು ನಾಲ್ಕು ದಿನದ ಮೊತ್ತವನ್ನೇ ತೆಗೆದು ಅದರ ಏರಿಳಿತ ನೋಡುವುದು ನನಗೆ ಹೆಚ್ಚು ನಂಬಿಕೆಯ ದಾರಿ:

```
E5:  =IF(COUNT(D2:D5)=4,SUM(D2:D5),"")
F3:  =STDEV.S(E5:E61)
```

E5 ನ್ನು E61 ರವರೆಗೆ ಎಳೆಯಿರಿ. F3 ಯಲ್ಲಿ 5 ರ ಆಸುಪಾಸು ಬಂದರೆ ವರ್ಗಮೂಲ ಸರಿಯಾಗಿದೆ. 7 ಬಂದರೆ ದಿನಗಳು ಒಂದಕ್ಕೊಂದು ಅಂಟಿಕೊಂಡಿವೆ. ಆಗ 1.645 × 7 = 11.5, ಅಂದರೆ 12 ಇಡಿ, ಪಾಯಿಂಟ್ 36 ಆಗುತ್ತದೆ. ಅಂತರ ಇನ್ನೂ ದೊಡ್ಡದಾದರೆ ತಿಂಗಳ ಮೊದಲ ಹತ್ತು ದಿನಕ್ಕೆ ಬೇರೆ ಸರಾಸರಿ, ಉಳಿದದ್ದಕ್ಕೆ ಬೇರೆ.

ರೀಆರ್ಡರ್ ಪಾಯಿಂಟ್‌ಗೆ ಹೋಲಿಸಬೇಕಾದದ್ದು ಅಂಗಡಿಯಲ್ಲಿರುವ ಸ್ಟಾಕ್ ಜೊತೆಗೆ ದಾರಿಯಲ್ಲಿರುವ ಸರಕು. ದಾರಿಯದ್ದನ್ನು ಮರೆತರೆ ದಿನವೂ ಶೀಟ್ 'ತರಿಸು' ಎನ್ನುತ್ತದೆ, ಒಂದೇ ಆರ್ಡರ್ ಎರಡು ಸಲ ಹೋಗುತ್ತದೆ.

ಮೇಲಿನದ್ದೆಲ್ಲ ಬೇಕೆಂದಾಗ ಆರ್ಡರ್ ಹೇಳಬಹುದಾದ ಅಂಗಡಿಗೆ. ಸೇಲ್ಸ್‌ಮನ್ ಮಂಗಳವಾರ ಮಾತ್ರ ಬಂದು ಗುರುವಾರ ಸರಕು ಇಳಿಸುವಂತಿದ್ದರೆ 33 ಕೆಲಸಕ್ಕೆ ಬಾರದು. ಬುಧವಾರ ಸ್ಟಾಕ್ 33 ಕ್ಕೆ ಇಳಿದರೆ ಮುಂದಿನ ಸರಕಿಗೆ ಇನ್ನೂ 8 ದಿನ, ಬೇಕಾದದ್ದು 48. ಈ ಮಂಗಳವಾರ ಬರೆಸಿದ್ದು ಮುಂದಿನ ಮಂಗಳವಾರದ ಆರ್ಡರ್ ಇಳಿಯುವವರೆಗೆ ಸಾಲಬೇಕು, ಅಂದರೆ 7 + 2 = 9 ದಿನ. ಏರಿಳಿತ ಮೊದಲಿನ 2.5 ಎಂದೇ ಇಟ್ಟರೆ 9 ರ ವರ್ಗಮೂಲ 3, ಸೇಫ್ಟಿ ಸ್ಟಾಕ್ 1.645 × 7.5 = 12.3, ಅಂದರೆ 13. ಅದಕ್ಕೆ 54 ಕೂಡಿಸಿ 67. ಇದು ಆರ್ಡರ್ ಕೊಡುವ ಗೆರೆಯಲ್ಲ, ಪ್ರತಿ ಮಂಗಳವಾರ ತುಂಬಿಸಬೇಕಾದ ಮಟ್ಟ. ಅಂದು 22 ಇದ್ದು ದಾರಿಯಲ್ಲಿ ಏನೂ ಇಲ್ಲದಿದ್ದರೆ 45 ಬರೆಸಿ. ಹತ್ತರ ಬಂಡಲ್‌ನಲ್ಲೇ ಕೊಡುವವರಾದರೆ 50.