ಗೆದ್ದೆತ್ತಿನ ಬಾಲ ಹಿಡಿದ ಪ್ರಷ್ಯಾ

ಒಂದು ದೇಶ ತೀರಾ ಬಲಿತಾಗ ಅಕ್ಕಪಕ್ಕದವರಿಗೆ ಎರಡು ದಾರಿ ಇರುತ್ತವೆ. ಉಳಿದವರ ಜೊತೆ ಸೇರಿ ಅದನ್ನು ತಡೆಯುವುದು ಒಂದು, ಇದು ಬ್ಯಾಲೆನ್ಸಿಂಗ್. ಗೆದ್ದೆತ್ತಿನ ಬಾಲ ಹಿಡಿಯುವುದು ಇನ್ನೊಂದು, ಇದು ಬ್ಯಾಂಡ್‌ವ್ಯಾಗನಿಂಗ್. ದೇಶಗಳು ಸಾಮಾನ್ಯವಾಗಿ ಮೊದಲ ದಾರಿಗೇ ಬರುತ್ತವೆ ಎಂದು 1979ರಲ್ಲಿ ಅಂತರರಾಷ್ಟ್ರೀಯ ರಾಜಕೀಯದ ವಿದ್ವಾಂಸ ಕೆನೆತ್ ವಾಲ್ಟ್ಸ್ ವಾದಿಸಿದರು. ಬರುತ್ತವೆ, ನಿಜ. ಆದರೆ ಎಷ್ಟು ತಡವಾಗಿ ಬರುತ್ತವೆ ಅನ್ನುವುದಕ್ಕೆ ನೆಪೋಲಿಯನ್ ಕಾಲದ ಜರ್ಮನ್ ರಾಜ್ಯ ಪ್ರಷ್ಯಾವನ್ನು ನೋಡಬೇಕು.

1795ರಿಂದ ಪ್ರಷ್ಯಾ ಯಾವ ಜಗಳಕ್ಕೂ ಹೋಗದೆ ತಟಸ್ಥವಾಗಿತ್ತು. ಫ್ರಾನ್ಸ್ ಜೊತೆ ಆಸ್ಟ್ರಿಯಾ, ರಷ್ಯಾ ಹೊಡೆದಾಡಲಿ, ನಮಗೇಕೆ ಎಂಬ ಲೆಕ್ಕ. 1805ರ ಅಕ್ಟೋಬರ್‌ನಲ್ಲಿ ಫ್ರೆಂಚ್ ಸೈನ್ಯ ಒಂದು ಮಾತೂ ಕೇಳದೆ ಪ್ರಷ್ಯಾದ ಆನ್ಸ್‌ಬಾಖ್ ಪ್ರದೇಶದ ಮೂಲಕ ಹಾದುಹೋಯಿತು. ಫ್ರಾನ್ಸ್‌ನ ಬಲ ಒಂದೇ ವಾರದಲ್ಲಿ ಜಾಸ್ತಿಯಾಗಿರಲಿಲ್ಲ. ಆದರೆ ಅಪಾಯ ಈಗ ಮನೆಯೊಳಗೇ ಕಾಲಿಟ್ಟಿತ್ತು. ದೇಶಗಳು ಬರೀ ಬಲ ಅಳೆಯುವುದಿಲ್ಲ, ಅದು ಎಷ್ಟು ಹತ್ತಿರವಿದೆ, ಅದರ ಉದ್ದೇಶವೇನು ಎಂದೂ ನೋಡುತ್ತವೆ ಎಂದು ಇನ್ನೊಬ್ಬ ವಿದ್ವಾಂಸ ಸ್ಟೀಫನ್ ವಾಲ್ಟ್ ಮುಂದೆ ಹೇಳಿದ್ದು ಇದನ್ನೇ.

ನವೆಂಬರ್ 3ರಂದು ಪ್ರಷ್ಯಾದ ರಾಜ ಮೂರನೆಯ ಫ್ರೆಡರಿಕ್ ವಿಲಿಯಂ ರಷ್ಯಾದ ಜೊತೆ ಪಾಟ್ಸ್‌ಡಾಂನಲ್ಲಿ ಒಪ್ಪಂದ ಮಾಡಿಕೊಂಡ. ಇಬ್ಬರೂ ಮುಂದಿಡುವ ಶಾಂತಿ ಷರತ್ತುಗಳಿಗೆ ನೆಪೋಲಿಯನ್ ಒಪ್ಪದಿದ್ದರೆ ಪ್ರಷ್ಯಾ ಯುದ್ಧಕ್ಕಿಳಿಯಬೇಕು. ಷರತ್ತು ಹೊತ್ತು ಹೊರಟವನು ಪ್ರಷ್ಯಾದ ಮಂತ್ರಿ ಹೌಗ್ವಿಟ್ಸ್. ನವೆಂಬರ್ ಕೊನೆಗೆ ಅವನು ನೆಪೋಲಿಯನ್ನನನ್ನು ಕಂಡ. ನೆಪೋಲಿಯನ್ ಮಾತು ಬೆಳೆಸದೆ ಅವನನ್ನು ವಿಯೆನ್ನಾಕ್ಕೆ ಸಾಗಹಾಕಿದ. ಡಿಸೆಂಬರ್ 2ರಂದು ಆಸ್ಟರ್‌ಲಿಟ್ಸ್‌ನಲ್ಲಿ ಆಸ್ಟ್ರಿಯಾ, ರಷ್ಯಾ ಎರಡೂ ಸೋತವು. ಡಿಸೆಂಬರ್ 15ರಂದು ಅದೇ ಹೌಗ್ವಿಟ್ಸ್ ಫ್ರಾನ್ಸ್ ಜೊತೆಗಿನ ಮೈತ್ರಿಗೆ ಸಹಿ ಹಾಕಿದ!

ಇದನ್ನು ಬರೀ ಹೇಡಿತನ ಅಂದುಬಿಟ್ಟರೆ ಸಾಲದು. ಆನ್ಸ್‌ಬಾಖ್ ಮೊದಲಾದ ಪ್ರದೇಶ ಬಿಟ್ಟುಕೊಟ್ಟದ್ದಕ್ಕೆ ಬದಲಾಗಿ ಪ್ರಷ್ಯಾಕ್ಕೆ ಬ್ರಿಟನ್ ರಾಜನ ಒಡೆತನದ ಜರ್ಮನ್ ಪ್ರದೇಶ ಹ್ಯಾನೋವರ್ ಸಿಗುತ್ತಿತ್ತು. ಎಷ್ಟೋ ದೇಶಗಳು ಬಲಶಾಲಿಯ ಪಕ್ಕಕ್ಕೆ ಹೋಗುವುದು ಹೆದರಿ ಅಲ್ಲ, ಪಾಲಿನ ಆಸೆಗೆ ಎಂದು 1994ರಲ್ಲಿ ರ್‍ಯಾಂಡಲ್ ಶ್ವೆಲ್ಲರ್ ಬರೆದರು. ಪ್ರಷ್ಯಾದಲ್ಲಿ ಎರಡೂ ಇದ್ದವು ಅನ್ನಿಸುತ್ತದೆ.

ಆದರೆ ಆ ಪಾಲು ದುಬಾರಿಯಾಯಿತು. ಹ್ಯಾನೋವರ್ ಕೈಗೆ ಬಂದದ್ದೇ ತಡ, ಬ್ರಿಟನ್ ವೈರಿಯಾಯಿತು. 1806ರ ಬೇಸಿಗೆಯಲ್ಲಿ ನೆಪೋಲಿಯನ್ ಅದೇ ಹ್ಯಾನೋವರನ್ನು ಬ್ರಿಟನ್ನಿಗೆ ವಾಪಸ್ ಕೊಡುವ ಮಾತಾಡಿದ್ದು ಬರ್ಲಿನ್ನಿಗೆ ಗೊತ್ತಾಯಿತು. ಸಿಟ್ಟಿಗೆದ್ದ ಪ್ರಷ್ಯಾ ಯುದ್ಧಕ್ಕೆ ಹೊರಟಿತು. ಆಗ ಆಸ್ಟ್ರಿಯಾ ಏಳುವ ಸ್ಥಿತಿಯಲ್ಲಿರಲಿಲ್ಲ, ರಷ್ಯಾದ ಸೈನ್ಯ ದೂರವಿತ್ತು. ಅಕ್ಟೋಬರ್ 14ರಂದು ಯೇನಾ ಮತ್ತು ಔಎರ್‌ಷ್ಟೆಟ್‌ನಲ್ಲಿ ಪ್ರಷ್ಯಾದ ಸೈನ್ಯ ನುಚ್ಚುನೂರಾಯಿತು. 1807ರ ಟಿಲ್ಸಿಟ್ ಒಪ್ಪಂದದಲ್ಲಿ ಸುಮಾರು ಅರ್ಧ ರಾಜ್ಯವೇ ಹೋಯಿತು.

ಅದೇ ರಾಜ 1813ರಲ್ಲಿ ಮತ್ತೆ ನೆಪೋಲಿಯನ್ ವಿರುದ್ಧ ನಿಂತ. ಈ ಸಲ ಗೆದ್ದ. ಫ್ರೆಂಚ್ ಸೈನ್ಯ ರಷ್ಯಾದ ಹಿಮದಲ್ಲಿ ಕರಗಿತ್ತು, ರಷ್ಯಾದ ಪಡೆಗಳು ಪ್ರಷ್ಯಾದೊಳಗೇ ಬಂದಿದ್ದವು, ಆಗಸ್ಟ್‌ನಲ್ಲಿ ಆಸ್ಟ್ರಿಯಾವೂ ಸೇರಿಕೊಂಡಿತು. 1806ರಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ.